ಪೆಂಗ್ವಿನ್ ಗುಂಪಿನ ನಡುವಿನ ಜಾಗ ಯಾರದು?

ಪ್ರಶ್ನೆ: ಎರಡನೇ ಕ್ಲಾಸಿನ ನನ್ನ ಪುಳ್ಳಿ ಟಿವಿಯಲ್ಲಿ ಪೆಂಗ್ವಿನ್‌ಗಳು ಒತ್ತಿಕೊಂಡು ನಿಂತದ್ದು ನೋಡಿದ. ಸರದಿಯ ಪ್ರಕಾರ ಎಲ್ಲವೂ ನಡುವೆ ಹೋಗಿ ಬೆಚ್ಚಗಾಗುತ್ತವಂತೆ. ನಮ್ಮಲ್ಲಿ ಬಯಲಾಟದ ರಾತ್ರಿ ಗದ್ದೆಯ ನಡುವೆ ಬೆಚ್ಚಗೆ ಕೂತವರು ಬೆಳಗಾಗುವವರೆಗೆ ಏಳುವುದಿಲ್ಲ. ಪೆಂಗ್ವಿನ್‌ಗಳು ಹೇಗೆ ಜಾಗ ಬಿಟ್ಟುಕೊಡುತ್ತವೆ? ಸರದಿ ಹೇಳುವವರು ಯಾರು?
– ಓದುಗರು, ನೀರ್ಚಾಲು, ಕಾಸರಗೋಡು

ಉತ್ತರ: ಸರದಿ ಹೇಳುವವರು ಯಾರೂ ಇಲ್ಲ. ಜಾಗ ಬಿಟ್ಟುಕೊಡುವವರೂ ಇಲ್ಲ. ಬಯಲಾಟದವರಂತೆಯೇ ಅವೂ ನಿಂತಲ್ಲೇ ನಿಲ್ಲುತ್ತವೆ; ಆದರೆ ಗುಂಪಿನ ನಡುವೇ ಅವುಗಳನ್ನು ದಾಟಿ ಮುಂದೆ ಹೋಗುತ್ತದೆ.

ಟಿವಿಯಲ್ಲಿ ಕಂಡದ್ದು ಎಂಪರರ್ ಪೆಂಗ್ವಿನ್‌ಗಳು ಇರಬೇಕು. ಅಂಟಾರ್ಕ್ಟಿಕಾದ ಕಡುಚಳಿಗಾಲದಲ್ಲಿ ಗಂಡು ಎರಡು ತಿಂಗಳಿಗೂ ಹೆಚ್ಚು ಕಾಲ ಒಂದೇ ಮೊಟ್ಟೆಯನ್ನು ಪಾದದ ಮೇಲಿಟ್ಟು, ಹೊಟ್ಟೆಯ ಚರ್ಮದ ಮಡಿಕೆಯಿಂದ ಮುಚ್ಚಿ ಕಾವು ಕೊಡುತ್ತದೆ. ಹೆಣ್ಣು ಆಗ ಸಮುದ್ರದಲ್ಲಿ. ಸಂಗಾತಿಯನ್ನು ಹುಡುಕುವ ದಿನಗಳನ್ನೂ ಸೇರಿಸಿದರೆ ಗಂಡಿನ ಉಪವಾಸ ಸುಮಾರು ನಾಲ್ಕು ತಿಂಗಳು. ಅಷ್ಟರಲ್ಲಿ ಮೈತೂಕದ ಶೇ 40ರಷ್ಟು ಕರಗುತ್ತದೆ. ಒಂಟಿಯಾಗಿ ನಿಂತ ಹಕ್ಕಿಗೆ ಸುಮಾರು ಮೈನಸ್ 10 ಡಿಗ್ರಿಗಿಂತ ಕೆಳಗೆ ಮೈ ಬಿಸಿಗೆಂದೇ ಹೆಚ್ಚುವರಿ ಕೊಬ್ಬು ಉರಿಸಬೇಕಾಗುತ್ತದೆ. ಅಲ್ಲಿ ಅದಕ್ಕಿಂತ ಎಷ್ಟೋ ಕೆಳಗಿನ ಚಳಿ, ಜೊತೆಗೆ ಬಿರುಗಾಳಿ. ಹಾಗಾಗಿ ಒಂದು ಚದರ ಮೀಟರಿನಲ್ಲಿ ಎಂಟು ಹತ್ತು ಹಕ್ಕಿಗಳಂತೆ ಒತ್ತಿಕೊಳ್ಳುತ್ತವೆ. ಗೂಡು ಕಟ್ಟಿ ಅದರ ಸುತ್ತ ಜಗಳಾಡುವ ಬೇರೆ ಪೆಂಗ್ವಿನ್‌ಗಳಿಗೆ ಇದು ಸಾಧ್ಯವಿಲ್ಲ. ಇವಕ್ಕೆ ಮೊಟ್ಟೆ ಕಾಲ ಮೇಲೆಯೇ ಇರುವುದರಿಂದ ಕಾಯಬೇಕಾದ ಜಾಗ ಅಂತ ಒಂದಿಲ್ಲ.

ಈಗ ಸರದಿಯ ವಿಷಯ. ಲೆಕ್ಕಕ್ಕೆ ಸುಲಭವಾಗಲೆಂದು ಹತ್ತು ಸಾಲಿನ ಒಂದು ಗುಂಪು ಇದೆ ಎಂದುಕೊಳ್ಳಿ. ಗಾಳಿ ಬಡಿಯುವ ಬದಿಯದು ಒಂದನೇ ಸಾಲು, ಮರೆಯ ಬದಿಯದು ಹತ್ತನೆಯದು. ಒಂದನೇ ಸಾಲಿನವಕ್ಕೆ ಬೆನ್ನು ಕೊರೆಯುತ್ತದೆ. ಎದುರಿಗಿರುವ ಬೆಚ್ಚನೆಯ ನಡುವಿಗೆ ನುಗ್ಗೋಣವೆಂದರೆ ಸಂದೇ ಇಲ್ಲ. ಆದ್ದರಿಂದ ಅವು ಒಂದೊಂದಾಗಿ ಕಳಚಿಕೊಂಡು, ಗುಂಪಿನ ಮಗ್ಗುಲಲ್ಲೇ ಪುಟ್ಟ ಹೆಜ್ಜೆ ಇಡುತ್ತಾ ಮರೆಯ ಬದಿಗೆ ಹೋಗಿ ಅಂಟಿಕೊಳ್ಳುತ್ತವೆ. ಆಗ ಎರಡನೇ ಸಾಲು ಗಾಳಿಗೆ ಸಿಕ್ಕಿತು. ಅದೂ ಹಾಗೇ ಹೋಗುತ್ತದೆ. ಐದು ಸಾಲು ಹೀಗೆ ಸುತ್ತಿ ಬಂದರೆ, ಮೊದಲು ಹತ್ತನೆಯ ಸಾಲಿನಲ್ಲಿದ್ದ ಹಕ್ಕಿ ಈಗ ಐದನೆಯದರಲ್ಲಿ, ಅಂದರೆ ನಟ್ಟನಡುವೆ. ಅದು ಯಾರನ್ನೂ ತಳ್ಳಲಿಲ್ಲ, ಯಾರೂ ಅದಕ್ಕೆ ದಾರಿ ಬಿಡಲಿಲ್ಲ. ಇನ್ನು ನಾಲ್ಕು ಸಾಲು ಕಳಚಿದರೆ ಗಾಳಿಗೆ ಬೆನ್ನೊಡ್ಡುವ ಪಾಳಿ ಅದರದ್ದೇ. ಪ್ರತಿಯೊಂದೂ ನೋಡಿಕೊಳ್ಳುವುದು ತನ್ನ ಬೆನ್ನನ್ನು ಮಾತ್ರ. ಹೀಗೆ ಬಿರುಗಾಳಿಯಲ್ಲಿ ಇಡೀ ಗುಂಪು ಗಾಳಿ ಹೋಗುವ ಕಡೆಗೆ ನಿಧಾನಕ್ಕೆ ಸರಿಯುತ್ತಾ ಹೋಗುತ್ತದೆ.

ಒಳಗಿನವು ಮಿಸುಕುವುದೇ ಇಲ್ಲ ಎಂದಲ್ಲ. ಜರ್ಮನಿಯ ಡೇನಿಯಲ್ ಝಿಟ್ಟರ್‌ಬಾರ್ಟ್ ಮತ್ತು ಸಂಗಡಿಗರು ಒಂದು ಗುಂಪಿನ ಫೋಟೋವನ್ನು ಸೆಕೆಂಡಿಗೊಂದರ ಆಸುಪಾಸಿನಲ್ಲಿ ಗಂಟೆಗಟ್ಟಲೆ ತೆಗೆದು, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಹಕ್ಕಿಗಳು 5ರಿಂದ 10 ಸೆಂಟಿಮೀಟರಿನ ಪುಟ್ಟ ಹೆಜ್ಜೆ ಇಡುತ್ತವೆ. ಒಂದು ಅಲುಗಿದರೆ ಪಕ್ಕದ್ದು, ಅದರ ಪಕ್ಕದ್ದು, ಹೀಗೆ ಗಾಳಿಗೆ ಭತ್ತದ ಪೈರು ತೂಗಿದಂತೆ ಅಲೆ ಹರಿಯುತ್ತದೆ. ಆದರೆ ಅಕ್ಕಪಕ್ಕದವು ಬದಲಾಗುವುದಿಲ್ಲ. ಅಲೆಯಿಂದ ಯಾರೂ ಹೊರಗಿನಿಂದ ಒಳಗೆ ಬರುವುದಿಲ್ಲ. ಸಂದುಗಳು ಮುಚ್ಚಿ ಗುಂಪು ಬಿಗಿಯಾಗುತ್ತದೆ, ಬಿಗಿಯಾಗಿಯೂ ಸಿಕ್ಕಿಕೊಳ್ಳದೆ ಸರಿಯುತ್ತದೆ, ಅಷ್ಟೆ. ಹೆಜ್ಜೆ ಇಷ್ಟು ಚಿಕ್ಕದಾಗಿರುವುದೂ ಒಳ್ಳೆಯದೇ. ಪಾದದಿಂದ ಮೊಟ್ಟೆ ಉರುಳಿ ಮಂಜಿನ ಮೇಲೆ ಉಳಿದರೆ ಬೇಗನೆ ಹೆಪ್ಪುಗಟ್ಟಿ ಕೆಡುತ್ತದೆ.

ಇನ್ನೊಂದು ಸಂಗತಿ ನನಗೆ ಎಲ್ಲಕ್ಕಿಂತ ಇಷ್ಟ. ನಡುವಿನ ಜಾಗ ಅಷ್ಟೊಂದು ಸುಖದ್ದೂ ಅಲ್ಲ. ಫ್ರಾನ್ಸಿನ ಸಂಶೋಧಕಿ ಕ್ಯಾರೋಲಿನ್ ಜಿಲ್ಬೆರ್ ಮತ್ತಿತರರು ಅಂಟಾರ್ಕ್ಟಿಕಾದ ಅಡೇಲಿ ಲ್ಯಾಂಡ್ ಎಂಬಲ್ಲಿನ ಎಂಪರರ್ ಹಕ್ಕಿಗಳ ಬೆನ್ನಿಗೆ ಬೆಳಕು ಮತ್ತು ತಾಪಮಾನ ದಾಖಲಿಸುವ ಪುಟ್ಟ ಉಪಕರಣ ಅಂಟಿಸಿದ್ದರು. ಬೆಳಕು ಕಡಿಮೆಯಾಗಿ ಬಿಸಿ ಏರಿತೆಂದರೆ ಹಕ್ಕಿ ಒತ್ತಿನ ಗುಂಪಿನೊಳಗೆ ಇದೆ ಎಂದರ್ಥ. 2006ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಒಳಗಿನ ಬಿಸಿ ಕೆಲವೊಮ್ಮೆ 37.5 ಡಿಗ್ರಿವರೆಗೆ ಏರುತ್ತಿತ್ತು. ಅದು ನಮ್ಮೂರ ಏಪ್ರಿಲ್ ತಿಂಗಳ ಮಧ್ಯಾಹ್ನವೇ ಸರಿ, ಅದೂ ದಪ್ಪ ಗರಿಯ ಹೊದಿಕೆಯೊಳಗೆ! ಒಮ್ಮೆ ಒತ್ತಿಕೊಂಡರೆ ಸರಾಸರಿ ಒಂದೂವರೆ ಗಂಟೆಗಿಂತ ತುಸು ಹೆಚ್ಚು ಅಷ್ಟೇ. ಆಮೇಲೆ ಗುಂಪು ಒಡೆದು ಹಕ್ಕಿಗಳು ಮೈ ತಣಿಸಿಕೊಂಡು ಮತ್ತೆ ಕೂಡುತ್ತವೆ. ಬೆಚ್ಚಗಿನ ಪಾಲು ಎಲ್ಲಕ್ಕೂ ಹೆಚ್ಚುಕಡಿಮೆ ಸಮನಾಗಿ ಸಿಕ್ಕಿತ್ತು.

ಪುಳ್ಳಿಗೆ ಇದನ್ನು ತೋರಿಸಬೇಕಾದರೆ ವೇಗ ಹೆಚ್ಚಿಸಿದ ವಿಡಿಯೋವನ್ನೇ ಹುಡುಕಿ. ಮಾಮೂಲಿ ವೇಗದಲ್ಲಿ ಅವು ಕಲ್ಲಿನಂತೆ ನಿಂತ ಹಾಗೆಯೇ ಕಾಣುತ್ತದೆ. ನಡುವನ್ನು ನೋಡಬೇಡ, ಗುಂಪಿನ ಅಂಚಿನಲ್ಲಿ ನಡೆಯುವ ಒಂದು ಹಕ್ಕಿಯ ಮೇಲೆ ಕಣ್ಣಿಡು ಅನ್ನಿ.