ನ್ಯಾಕ್ ವರದಿ: ಅಂಕಿ ತಾಳೆ ಆಗದಿದ್ದರೆ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ಬಾಗಲಕೋಟೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಉಪನ್ಯಾಸಕಿ. ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್‌ಗೆ ಸ್ವಯಂ ಅಧ್ಯಯನ ವರದಿ ತಯಾರಿಸುವ ಜವಾಬ್ದಾರಿ ನನ್ನ ಮೇಲಿದೆ. ಶಿಕ್ಷಕರು, ಲ್ಯಾಬ್, ಫಲಿತಾಂಶ ಎಲ್ಲಕ್ಕೂ ಫೈಲ್ ಇವೆ. ಆದರೆ ಒಂದು ಫೈಲಿನ ಅಂಕಿ ಇನ್ನೊಂದಕ್ಕೆ ಹೊಂದುತ್ತಿಲ್ಲ. ಎಲ್ಲಿಂದ ಶುರು ಮಾಡಲಿ, ಸರ್?

ಉತ್ತರ: ಶಿಕ್ಷಕರ ಪಟ್ಟಿಯಿಂದ ಶುರು ಮಾಡಿ, ಮೇಡಂ. ಹೊಸ ಫೈಲ್ ಮಾಡುವುದು ಸದ್ಯಕ್ಕೆ ಬೇಡ. ವರದಿಗೆ 5 ವರ್ಷಗಳ ಮಾಹಿತಿ ಬೇಕು. ಹಾಗಾಗಿ ಒಂದು ಎಕ್ಸೆಲ್ ಹಾಳೆಯಲ್ಲಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೊಂದು ಸಾಲು ಕೊಡಿ. ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಎಂ.ಎಸ್ಸಿ. ವಿಷಯ, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಸಂಖ್ಯೆ ಅದರಲ್ಲಿರಲಿ. ಪಕ್ಕದಲ್ಲೇ ನೇಮಕಾತಿ ಆದೇಶ ಮತ್ತು ಸಂಬಳದ ಪಟ್ಟಿಯ ಪುಟ ಸಂಖ್ಯೆ ಬರೆಯಿರಿ.

ಗೊಂದಲ ಹುಟ್ಟುವುದು ಸಾಮಾನ್ಯವಾಗಿ ಇಲ್ಲೇ. ವರ್ಷಕ್ಕೆ 60 ಸೀಟಿನ ಬಿ.ಎಸ್ಸಿ. ಕಾಲೇಜು ಎಂದುಕೊಳ್ಳಿ. ನಾಲ್ಕು ವರ್ಷಕ್ಕೆ 240 ವಿದ್ಯಾರ್ಥಿಗಳು. 10 ವಿದ್ಯಾರ್ಥಿಗೆ ಒಬ್ಬ ಶಿಕ್ಷಕರ ಲೆಕ್ಕದಲ್ಲಿ 24 ಜನ ಬೇಕು. ಕೌನ್ಸಿಲ್ ತಪಾಸಣೆಗೆ ಕೊಟ್ಟ ಪಟ್ಟಿಯಲ್ಲಿ 25 ಹೆಸರಿವೆ, ಸಂಬಳದ ಪಟ್ಟಿಯಲ್ಲಿ 22 ಮಾತ್ರ. ಉಳಿದ ಮೂವರಲ್ಲಿ ಒಬ್ಬರು ಮಧ್ಯದಲ್ಲೇ ಬಿಟ್ಟಿದ್ದಾರೆ, ಇಬ್ಬರು ಆಸ್ಪತ್ರೆಯ ಸಂಬಳದಲ್ಲಿರುವ ವಾರ್ಡ್ ಇನ್‌ಚಾರ್ಜ್‌ಗಳು. ಆಗ ಪೂರ್ಣಾವಧಿ ಶಿಕ್ಷಕರು ಎಂದು 22 ಮಂದಿಯನ್ನೇ ತೋರಿಸಿ. ಕೊರತೆ ಇದ್ದರೆ ಇದೆ ಅಂತಲೇ ಬರೆಯಿರಿ, ನೇಮಕಾತಿ ಜಾಹೀರಾತು ಕೊಟ್ಟಿದ್ದರೆ ಅದನ್ನೂ ಜೋಡಿಸಿ. ದಾಖಲೆ ಪರಿಶೀಲಿಸುವವರು ಸಂಬಳದ ಪುರಾವೆ ಕೇಳಿದ ದಿನ 25 ನಿಲ್ಲುವುದಿಲ್ಲ. ಅಲ್ಲಿ ಒಂದು ಅಂಕಿ ಬಿದ್ದರೆ ಉಳಿದ ಅಂಕಿಗಳ ಮೇಲೂ ಅನುಮಾನ ಬರುತ್ತದೆ, ಅಲ್ವಾ?

ಫಲಿತಾಂಶದಲ್ಲೂ ಇದೇ ಕಥೆ. 60 ಜನ ಸೇರಿ 56 ಜನ ಕೊನೆಯ ವರ್ಷದ ಪರೀಕ್ಷೆ ಬರೆದರು, 49 ಜನ ಮೊದಲ ಸಲವೇ ಪಾಸಾದರು ಎನ್ನಿ. ಅದು 87.5 ಶೇಕಡಾ. ಸಪ್ಲಿಮೆಂಟರಿಯಲ್ಲಿ ಪಾಸಾದವರನ್ನು ಇದರಲ್ಲಿ ಸೇರಿಸಬೇಡಿ, ಬೇರೆ ಕಾಲಂ ಮಾಡಿ. ಆಧಾರವಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಫಲಿತಾಂಶ ಪಟ್ಟಿಯನ್ನೇ ಇಡಿ, ಕಾಲೇಜಿನಲ್ಲಿ ಟೈಪ್ ಮಾಡಿದ್ದು ಸಾಲದು. ಕೆಲಸ ಸಿಕ್ಕವರಿಗೆ ನೇಮಕಾತಿ ಪತ್ರ ಬೇಕು. ಬೆಂಗಳೂರಿಗೋ ಪುಣೆಗೋ ಹೋದವರು ಆಮೇಲೆ ಕೈಗೆ ಸಿಗುವುದಿಲ್ಲ, ಸರ್ಟಿಫಿಕೇಟ್ ಒಯ್ಯಲು ಬಂದಾಗಲೇ ನಕಲು ಪಡೆದುಕೊಳ್ಳಿ.

ಲ್ಯಾಬ್‌ಗೆ ಸ್ಟಾಕ್ ರಿಜಿಸ್ಟರ್, ಬಿಲ್, ಸ್ಥಳ ಮತ್ತು ದಿನಾಂಕ ನಮೂದಾದ ಫೋಟೊ ಸಾಕು. ಆದರೆ ನರ್ಸಿಂಗ್‌ನಲ್ಲಿ ನಿಜವಾದ ಕಲಿಕೆ ನಡೆಯುವುದು ವಾರ್ಡಿನಲ್ಲಿ. ಅದಕ್ಕೆ ಒಂದು ತಿಂಗಳನ್ನು ಆರಿಸಿ, ರೊಟೇಶನ್ ಪ್ಲಾನ್, ಆಸ್ಪತ್ರೆಯ ಹಾಜರಿ, ವಿದ್ಯಾರ್ಥಿಯ ಲಾಗ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪ್ಲಾನಿನಲ್ಲಿ ಹೆರಿಗೆ ವಾರ್ಡ್ ಇದ್ದು, ಲಾಗ್‌ಬುಕ್ಕಿನಲ್ಲಿ ಅದೇ ವಾರ ಸರ್ಜರಿ ವಾರ್ಡಿನ ಡ್ರೆಸ್ಸಿಂಗ್ ಬರೆದಿದ್ದರೆ ಕಾರಣ ಹುಡುಕಿ. ವಾರ್ಡ್ ಬದಲಾಗಿದ್ದರೆ ಬದಲಾವಣೆಯ ಆದೇಶ ಜೋಡಿಸಿ. ಕೊನೆಯಲ್ಲಿ ಒಂದೇ ದಿನ, ಒಂದೇ ಪೆನ್ನಿನಲ್ಲಿ ಎಲ್ಲ ಲಾಗ್‌ಬುಕ್‌ಗೆ ಸಹಿ ಹಾಕಿಸಬೇಡಿ. ಅದು ನೋಡಿದ ಕೂಡಲೇ ಗೊತ್ತಾಗುತ್ತದೆ, ಮೇಲಾಗಿ ಅದು ಸುಳ್ಳು ದಾಖಲೆ.