84 ಇತ್ತು, ನಾರ್ಮಲ್ ಅಲ್ವಾ?

ಗೋಣಿಕೊಪ್ಪಲು ಕಡೆಯ ಕಾಫಿ ಬೆಳೆಗಾರರು, ವಯಸ್ಸು ಐವತ್ತು ದಾಟಿದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬೆಳಿಗ್ಗೆ, ರಾತ್ರಿ ಇನ್ಸುಲಿನ್ ತಗೊಳ್ಳುತ್ತಾರೆ. ಸಲಹೆಗೆ ಎಳೆದು ತಂದವರು ಅವರ ಹೆಂಡತಿ.

ಕಾಫಿ ಕೊಯ್ಲಿನ ಸಮಯ. ಬೆಳಿಗ್ಗೆ ಏಳೂವರೆಗೆ ಇನ್ಸುಲಿನ್, ಎರಡು ಅಕ್ಕಿರೊಟ್ಟಿ. ಆಮೇಲೆ ನಾಲ್ಕು ಗಂಟೆ ತೋಟದ ಏರುತಗ್ಗಿನಲ್ಲಿ ಓಡಾಟ. ಪಂಪಿನ ಬಿಡಿಭಾಗ ತರಲು ಇರಿಟ್ಟಿಗೆ ಹೊರಡುವ ಮುಂಚೆ ಶುಗರ್ ನೋಡಿಕೊಂಡರು: 84. ಖುಷಿಯಾಗಿ ಜೀಪು ಹತ್ತಿದರು.

ಮಾಕುಟ್ಟ ಘಾಟಿ ಇಳಿಯುವಾಗ ಜೀಪು ಎರಡು ಸಲ ಬಲಕ್ಕೆ ಸರಿಯಿತು. ಪಕ್ಕದಲ್ಲಿದ್ದ ಅಳಿಯ "ಮಾವ, ನಿಲ್ಸಿ" ಅಂದ. ಇವರಿಗೆ ಸಿಟ್ಟು ಬಂತಂತೆ. ಆ ಸಿಟ್ಟೂ ಶುಗರ್ ಇಳಿದ ಲಕ್ಷಣವೇ. ಶರ್ಟಿನ ಬೆನ್ನು ಒದ್ದೆ, ಮೀಟರ್‌ನಲ್ಲಿ 58. ಜೀಪಿನಲ್ಲಿದ್ದದ್ದು ಕ್ರೀಮ್ ಬಿಸ್ಕತ್ತು ಮಾತ್ರ. ನಾಲ್ಕು ತಿಂದು, ಹತ್ತು ನಿಮಿಷಕ್ಕೆ ಮತ್ತೆ ಸ್ಟಿಯರಿಂಗ್ ಹಿಡಿದರು. ನನಗೆ ಹೆಚ್ಚು ಗಾಬರಿಯಾಗಿದ್ದು ಇದನ್ನು ಕೇಳಿ.

"84 ಇತ್ತು ಮೇಡಂ, ನಾರ್ಮಲ್ ಅಲ್ವಾ?"

ಮನೆಯಲ್ಲಿ ಕೂತಿದ್ದರೆ ಪರವಾಗಿಲ್ಲ ಅಂದೆ. ಇನ್ಸುಲಿನ್ ಕೆಲಸ ಮಾಡುತ್ತಿತ್ತು, ಕಾಲೂ ನಡೆದಿತ್ತು, ಊಟ ಆಗಿರಲಿಲ್ಲ. ಆ 84 ಇಳಿಯುತ್ತಿದ್ದ 84. ಗಾಡಿ ಹತ್ತಲು 90ಕ್ಕಿಂತ ಮೇಲಿರಬೇಕು. 70ರಿಂದ 90ರ ನಡುವೆ ಇದ್ದರೆ ಏನಾದರೂ ತಿಂದು, ಕಾಲು ಗಂಟೆ ಬಿಟ್ಟು ನೋಡಿ, 90 ದಾಟಿದರೆ ಹೊರಡಿ. 70ಕ್ಕಿಂತ ಕೆಳಗಿದ್ದರೆ ಕೀ ಮುಟ್ಟಲೇಬೇಡಿ. ದೂರದ ದಾರಿಯಾದರೆ ಎರಡು ಗಂಟೆಗೊಮ್ಮೆ ನಿಲ್ಲಿಸಿ ನೋಡಿ. ಈ ಲೆಕ್ಕ ಇನ್ಸುಲಿನ್ ತಗೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆಯವರಿಗೆ. ಬರೀ ಮೆಟ್‌ಫಾರ್ಮಿನ್ ನುಂಗುವವರಿಗೆ ಶುಗರ್ ಹೀಗೆ ಕುಸಿಯುವುದು ಅಪರೂಪ.

ದಾರಿಯಲ್ಲೇ ಇಳಿದರೆ? ಗಾಡಿ ಬದಿಗೆ ಹಾಕಿ, ಕೀ ತೆಗೆದು, ಡ್ರೈವರ್ ಸೀಟು ಬಿಟ್ಟು ಏಳಿ. ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಯಿರಿ. ಕ್ರೀಮ್ ಬಿಸ್ಕತ್ತು, ಚಾಕಲೇಟಿನ ಕೊಬ್ಬು ಸಕ್ಕರೆಯನ್ನು ರಕ್ತಕ್ಕೆ ಬೇಗ ಬಿಡುವುದಿಲ್ಲ. ಕಾಲು ಗಂಟೆಗೆ ಮತ್ತೆ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ ಕುಡಿಯಿರಿ. 90 ದಾಟಿದ ಮೇಲೂ ಮುಕ್ಕಾಲು ಗಂಟೆ ಕಾಯಬೇಕು. ಮೀಟರ್ ಸರಿ ತೋರಿಸಿದರೂ ತಲೆ ಚುರುಕಾಗಲು ಅಷ್ಟು ಹೊತ್ತು ಬೇಕು.

"ಬೆಲ್ಲ ಇಟ್ಟರೆ ಆಗಲ್ವಾ?" ಹೆಂಡತಿ ಕೇಳಿದರು. ಆಗುತ್ತೆ, ಆದರೆ ಕೈ ನಡುಗುವಾಗ ಅಚ್ಚು ಮುರಿದು ಜಗಿಯುವುದು ಕಷ್ಟ. ಅಳತೆ ಮಾಡಿದ ಗ್ಲೂಕೋಸ್ ಪೊಟ್ಟಣ, ನೀರಿನ ಬಾಟಲಿ ಡ್ರೈವರ್ ಬಾಗಿಲಿನ ಜೇಬಿನಲ್ಲೇ ಇರಲಿ, ಡಿಕ್ಕಿಯಲ್ಲಿ ಬೇಡ. ಗ್ಲೂಕೋಸ್ ಆದ ಮೇಲೆ ತಿನ್ನಲು ಸಾದಾ ಬಿಸ್ಕತ್ತು. ಮೀಟರ್, ಸ್ಟ್ರಿಪ್ ಮಾತ್ರ ಜೊತೆಗೇ ಇಳಿಸಿಕೊಳ್ಳಿ. ಬಿಸಿಲಲ್ಲಿ ನಿಂತ ಗಾಡಿಯ ಕಾವಿಗೂ ನಮ್ಮ ಮಳೆಗಾಲದ ತೇವಕ್ಕೂ ಸ್ಟ್ರಿಪ್ ಕೆಡುತ್ತದೆ, ತಪ್ಪು ಅಂಕಿ ತೋರಿಸುತ್ತದೆ.

ಡೋಸ್ ಬದಲಿಸುವುದು ನನ್ನ ಕೆಲಸವಲ್ಲ. ತೋಟದಲ್ಲಿ ನಡೆಯುವ ದಿನಗಳ ಅಂಕಿಗಳನ್ನು ಬರೆಸಿ ವೈದ್ಯರ ಹತ್ತಿರ ಕಳಿಸಿದೆ.

ತಿಂಗಳ ನಂತರ ಡೈರಿ ತಂದರು. ಒಂದು ಸಾಲು: "ಹೊರಡುವಾಗ 78. ಬೆಲ್ಲದ ಕಾಫಿ ಕುಡಿದು ಜಗುಲಿಯಲ್ಲಿ ಕೂತೆ. 104. ಹೊರಟೆ."