ಬ್ಯಾಗಿನಲ್ಲಿ ಬಚ್ಚಿಟ್ಟ ನೋಟ್‌ಬುಕ್

ಪ್ರಬಂಧವನ್ನು ಎಐಯಿಂದ ಬರೆಸಿದ್ದು ಎಂಬ ಆರೋಪ ಹೊತ್ತು ಈ ವರ್ಷ ಆಪ್ತಸಲಹೆಗಾರ್ತಿಯಾದ ನನ್ನ ಕೋಣೆಗೆ ಬಂದವರಲ್ಲಿ ಇವಳು ನಾಲ್ಕನೆಯವಳು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬಿ.ಎ. ಎರಡನೆಯ ವರ್ಷ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ತನ್ನೂರಿನ ಕೆರೆ ಬತ್ತಿದ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪ್ರಬಂಧಕ್ಕೆ ಪತ್ತೆ ತಂತ್ರಾಂಶವು ‘ಶೇ. 82 ಯಂತ್ರಬರಹ’ ಎಂದಿತ್ತು. ಅಂಕ ಸೊನ್ನೆ. ಮೇಲ್ಮನವಿಗೆ ಏಳು ದಿನ. “ಒಂದು ಕ್ಷಮಾಪಣೆ ಪತ್ರ ಬರೆದುಕೊಡು, ಮುಗಿದುಹೋಗುತ್ತದೆ” ಎಂದು ವಿಭಾಗದಲ್ಲಿ ಯಾರೋ ಹೇಳಿದ್ದರು.

ಅವಳು ತಂದ ಕರಡು ಎರಡು ಪುಟವಿತ್ತು. ಅಪ್ಪನ ಸಾಲ, ಅಮ್ಮನ ಮೇಲಾಣೆ, ವಿದ್ಯಾರ್ಥಿವೇತನ ಹೋದೀತೆಂಬ ಭಯ, ಕೊನೆಗೆ ‘ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ’. ಆ ‘ಆಗಿದ್ದರೆ’ ಸಮಿತಿಯ ಕಣ್ಣಿಗೆ ಬೀಳುವುದಿಲ್ಲ, ‘ಕ್ಷಮಿಸಿ’ ಮಾತ್ರ ಬೀಳುತ್ತದೆ. ಹಾಗೆಂದು ಹೇಳಿ ಕಳುಹಿಸಿದೆ.

ಎರಡನೆಯ ಭೇಟಿಯಲ್ಲಿ ಪತ್ರದ ಮಾತೆತ್ತದೆ, ಪ್ರಬಂಧದ ಮೊದಲ ಸಾಲನ್ನು ಎಲ್ಲಿ ಕುಳಿತು ಬರೆದೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಬ್ಯಾಗಿನ ತಳದಿಂದ ಒಂದು ನೋಟ್‌ಬುಕ್ ತೆಗೆದಳು. “ಮೇಡಂ, ನಾನು ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಆಮೇಲೆ ಇಂಗ್ಲಿಷ್ ಮಾಡುತ್ತೇನೆ. ದಯವಿಟ್ಟು ಯಾರಿಗೂ ಹೇಳಬೇಡಿ.”

ಹದಿಮೂರು ಪುಟ ನೀಲಿ ಶಾಯಿ. ಒಂದು ಕಡೆ ‘ತೂಬು’ ಎಂಬ ಪದಕ್ಕೆ ಗೆರೆ ಎಳೆದು, ಪಕ್ಕದಲ್ಲಿ ‘ಗೇಟ್’, ‘ಹೋಲ್’ ಎಂದು ಇಂಗ್ಲಿಷಿನಲ್ಲಿ ಬರೆದು ಹೊಡೆದುಹಾಕಿದ್ದಳು. ಕೆಳಗೆ ಪೆನ್ಸಿಲಿನಲ್ಲಿ ‘ಸ್ಲೂಸ್’. ಅವಳನ್ನು ಪಾರುಮಾಡಬಲ್ಲ ಸಾಕ್ಷ್ಯವನ್ನೇ ಅವಳು ಅಪರಾಧದಂತೆ ಬಚ್ಚಿಟ್ಟುಕೊಂಡಿದ್ದಳು!

ಇಂಥ ತಂತ್ರಾಂಶಗಳು ಬಹುಮಟ್ಟಿಗೆ ನೋಡುವುದು ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಎಂಬುದನ್ನು. ಟ್ಯೂಷನ್ನಿನಲ್ಲಿ ಕಲಿಸಿದ ‘ಮೋರೋವರ್’, ‘ಫರ್ದರ್‌ಮೋರ್’, ತಪ್ಪಾದೀತೆಂಬ ಭಯಕ್ಕೆ ಆರಿಸಿದ ಸಾದಾ ಪದ, ಒಂದೇ ಅಳತೆಯ ವಾಕ್ಯ: ಎಲ್ಲವೂ ಊಹೆಗೆ ಸುಲಭ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರ 91 ಟೋಫೆಲ್ ಪ್ರಬಂಧಗಳನ್ನು ಏಳು ತಂತ್ರಾಂಶಗಳಿಗೆ ಕೊಟ್ಟಾಗ, ಸರಾಸರಿ ಶೇ. 61ರಷ್ಟನ್ನು ಯಂತ್ರಬರಹವೆಂದು ತಪ್ಪಾಗಿ ಗುರುತಿಸಲಾಗಿತ್ತು. ಇದನ್ನು ಪತ್ರದಲ್ಲಿ ಒಂದೇ ಸಾಲಿಗೆ ಸೀಮಿತಗೊಳಿಸಲು ಹೇಳಿದೆ. ತಂತ್ರಾಂಶ ತಪ್ಪಬಹುದು ಎಂಬುದಕ್ಕಷ್ಟೇ ಅದು ಆಧಾರ. ಇವಳ ವಿಷಯದಲ್ಲಿ ತಪ್ಪಿದೆ ಎಂಬುದಕ್ಕಲ್ಲ.

ಬೇರೊಂದು ತಂತ್ರಾಂಶ ‘ಶೇ. 4’ ಎಂದ ವರದಿಯನ್ನೂ ಲಗತ್ತಿಸಲು ಹೊರಟಿದ್ದಳು. ಬೇಡವೆಂದೆ. ಒಂದು ಯಂತ್ರದ ತೀರ್ಪನ್ನು ಇನ್ನೊಂದರಿಂದ ಅಳಿಸಲು ಹೋದರೆ ಯಂತ್ರವೇ ನ್ಯಾಯಾಧೀಶ ಎಂದು ಒಪ್ಪಿಕೊಂಡಂತಾಯಿತು.

ಹೊಸ ಪತ್ರ ಮುಕ್ಕಾಲು ಪುಟ. ಮೊದಲ ಸಾಲಿನಲ್ಲೇ ‘ಈ ಪ್ರಬಂಧವನ್ನು ನಾನೇ ಬರೆದಿದ್ದೇನೆ’. ನಂತರ ದಿನಾಂಕಸಹಿತ ಹನ್ನೊಂದು ದಿನಗಳ ಕೆಲಸ. ಗೂಗಲ್ ಡಾಕ್ಸ್‌ನ ಆವೃತ್ತಿ ಇತಿಹಾಸದಲ್ಲಿ ಒಂದು ಪ್ಯಾರಾ ಇಡಿಯಾಗಿ ಒಮ್ಮೆಲೇ ಬಂದು ಕುಳಿತಿತ್ತು. ನೋಡಿದವರಿಗೆ ಅನುಮಾನ ಬರುವಂಥದ್ದೇ. ಬಸ್ಸಿನಲ್ಲಿ ಮೊಬೈಲಿನಲ್ಲಿ ಟೈಪ್ ಮಾಡಿ, ತನಗೆ ತಾನೇ ವಾಟ್ಸಾಪ್ ಕಳುಹಿಸಿಕೊಂಡು ಅಂಟಿಸಿದ್ದಳು. ಅವರು ಕೇಳುವ ಮೊದಲೇ ಅದನ್ನು ನೀನೇ ಬರೆ ಎಂದೆ. ಕಾಗುಣಿತ ತಿದ್ದುವ ಸೌಲಭ್ಯ ಬಳಸಿದ್ದನ್ನೂ. ಕಡತದ ಪ್ರತಿ ಮಾಡಿಕೊಟ್ಟರೆ ಹಳೆಯ ಇತಿಹಾಸ ಜೊತೆಗೆ ಹೋಗುವುದಿಲ್ಲ, ಓದಲು ಮಾತ್ರ ಅನುಮತಿ ಕೊಟ್ಟರೂ ಅದು ಕಾಣುವುದಿಲ್ಲ. ಹಾಗಾಗಿ ಮೂಲ ಕಡತವನ್ನು ಸಮಿತಿಯ ಎದುರೇ ತೆರೆದು ತೋರಿಸುವುದಾಗಿ, ಪ್ರಬಂಧದ ಬಗ್ಗೆ ಮೌಖಿಕ ಪ್ರಶ್ನೆಗಳಿಗೆ ಸಿದ್ಧಳಿರುವುದಾಗಿ ಬರೆದಳು. ನೋಟ್‌ಬುಕ್ಕನ್ನು ಸೇರಿಸಬೇಕೋ ಬೇಡವೋ ಎಂಬುದನ್ನು ಅವಳಿಗೇ ಬಿಟ್ಟೆ. ಮರುದಿನ ಅದರ ಜೆರಾಕ್ಸ್ ಲಗತ್ತಿಸಿ ತಂದಳು.

ಆಪ್ತಸಲಹೆಗಾರ್ತಿ ವಕೀಲಿಕೆ ಮಾಡಬಾರದು ಎಂದು ಸಹೋದ್ಯೋಗಿಯೊಬ್ಬರು ಕೆಣಕಿದರು. ಮಾಡದ ತಪ್ಪಿಗೆ ಕ್ಷಮೆ ಕೇಳಿ ಬಂದವರು ಆರು ತಿಂಗಳ ನಂತರ ಪೆನ್ನು ಹಿಡಿಯಲಾರದೆ ನನ್ನೆದುರು ಕುಳಿತದ್ದನ್ನು ಅವರು ನೋಡಿಲ್ಲ. ಇವಳು ನಿಜಕ್ಕೂ ಯಂತ್ರದಿಂದ ಬರೆಸಿಕೊಂಡಿದ್ದರೆ? ಆಗ ಒಪ್ಪಿಕೊಳ್ಳುವ ಪತ್ರಕ್ಕೂ ನಾನು ಜೊತೆಗೆ ಕೂರುತ್ತಿದ್ದೆ.

ಸಮಿತಿ ತೂಬು ಎಂದರೇನೆಂದು ಕೇಳಿತಂತೆ. ಬೋರ್ಡಿನ ಮೇಲೆ ಕೆರೆಯ ಏರಿ, ತೂಬು, ಕೋಡಿ ಮೂರನ್ನೂ ಬರೆದು ತೋರಿಸಿದಳಂತೆ. ಅಂಕ ಮರಳಿತು. ಆದೇಶದಲ್ಲಿ ಮಾತ್ರ ‘ಈ ಬಾರಿ ಕ್ಷಮಿಸಲಾಗಿದೆ’ ಎಂದಿತ್ತು. ಹೋಗಲಿ ಬಿಡು ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಇನ್ನೊಂದು ಹಾಳೆ ಮುಂದಿಟ್ಟಳು. ಎರಡೇ ಸಾಲು: ‘ಕ್ಷಮಿಸಲಾಗಿದೆ’ ಎಂಬುದನ್ನು ‘ಆರೋಪ ಸಾಬೀತಾಗಿಲ್ಲ’ ಎಂದು ತಿದ್ದಿಕೊಡಬೇಕಾಗಿ ವಿನಂತಿ. ಈ ಸಲ ಕರಡು ತೋರಿಸಲು ಬಂದಿರಲಿಲ್ಲ. ಕಚೇರಿಯ ಸ್ವೀಕೃತಿ ಮುದ್ರೆ ಆಗಲೇ ಬಿದ್ದಿತ್ತು.